ಒಂದೇ ಅನಿಮೇಷನ್ ಚಿತ್ರ, ಎರಡು ಥರದ ಅರ್ಜಿ

ನನ್ನ ಏಳು ನಿಮಿಷದ ಅನಿಮೇಷನ್ ಮುಗಿದ ಮೇಲೆ ಎರಡು ಕಡೆ ಕಳಿಸಬೇಕಿತ್ತು. ಒಂದು ಕಡೆ ಚಿತ್ರೋತ್ಸವಗಳು. ಇನ್ನೊಂದು ಕಡೆ ಡಿಸಿಪಿ, ಅಂದರೆ ಚಿತ್ರಮಂದಿರದಲ್ಲಿ ತೋರಿಸುವ ಡಿಜಿಟಲ್ ಪ್ರತಿ ಮಾಡಿಸಲು, ಸಬ್‌ಟೈಟಲ್ ಹಾಕಿಸಲು ನೆರವು ಕೊಡುವ ಒಂದು ಸಂಸ್ಥೆ. ಅರ್ಜಿಯ ಪ್ರತಿಯೊಂದು ಭಾಗವನ್ನೂ ಎರಡೆರಡು ರೀತಿ ಮಾಡಿ ನೋಡಿದೆ.

ಮೊದಲು ಲಾಗ್‌ಲೈನ್, ಅಂದರೆ ಇಡೀ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳುವುದು. ಹೀಗೆ ಬರೆದಿದ್ದೆ: ‘ನೆಲ, ನೆನಪು ಮತ್ತು ಬೇರುಗಳ ಕಾವ್ಯಮಯ ಪಯಣ.’ ಗೆಳೆಯನೊಬ್ಬನಿಗೆ ಓದಿಸಿ ‘ಚಿತ್ರದಲ್ಲಿ ಯಾರಿದ್ದಾರೆ?’ ಅಂತ ಕೇಳಿದೆ. ‘ಮರ ಇರಬೇಕು’ ಅಂದ! ಎರಡನೆಯದು ಹೀಗಿತ್ತು: ‘ಅಣೆಕಟ್ಟಿನ ನೀರು ಅಂಗಳಕ್ಕೆ ಬರುವ ಮೊದಲು ಅಜ್ಜಿಯೊಬ್ಬಳು ತುಳಸಿಕಟ್ಟೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಊರಿಗೆ ಸಾಗಿಸಬೇಕು, ದೋಣಿಯಲ್ಲಿ ಅರ್ಧ ಕಟ್ಟೆಗಷ್ಟೇ ಜಾಗ.’ ಯಾರು, ಏನು ಮಾಡಬೇಕು, ಏನು ಅಡ್ಡ ಬರುತ್ತದೆ, ಮೂರೂ ಸಿಕ್ಕಿತು. ‘ಕಾವ್ಯಮಯ’ ಅನ್ನೋದನ್ನು ನೋಡಿದವರು ಹೇಳಲಿ, ನಾವೇ ಹೇಳಿಕೊಳ್ಳುವುದು ಚೆನ್ನಾಗಿರಲ್ಲ.

ಲಾಗ್‌ಲೈನ್ ಎರಡೂ ಕಡೆಗೆ ಒಂದೇ ಸಾಕಾಯಿತು, ಕಥಾಸಾರ ಆಗಲಿಲ್ಲ. ಉತ್ಸವದ ಪುಸ್ತಕಕ್ಕೆ ಸುಮಾರು ಐವತ್ತು ಪದದ್ದು ಬರೆದು, ದೋಣಿ ಹೊರಡುವಲ್ಲಿಗೆ ನಿಲ್ಲಿಸಿದ್ದೆ. ಅದನ್ನು ಓದುವವರು ಟಿಕೆಟ್ ಹಿಡಿದ ಪ್ರೇಕ್ಷಕರು, ಕೊನೆ ಅವರಿಗೆ ಗೊತ್ತಾಗಬಾರದು ಅಲ್ವಾ? ಸೋಮಾರಿತನದಿಂದ ಅದನ್ನೇ ನೆರವಿನ ಅರ್ಜಿಗೂ ಅಂಟಿಸಿದೆ. ‘ಕಥೆ ಅರ್ಧಕ್ಕೇ ನಿಂತಿದೆ’ ಎಂದು ವಾಪಸ್ ಬಂತು. ಅಲ್ಲಿ ಓದುವವರು ಕಥೆ ಎಲ್ಲಿಗೆ ಮುಟ್ಟುತ್ತದೆ ಎಂದು ತೂಗಿ ನೋಡುವವರು. ಆಮೇಲೆ ನೂರೈವತ್ತು ಪದಗಳಲ್ಲಿ ಪೂರ್ತಿ ಹೇಳಿದೆ. ತಂದ ಅರ್ಧ ಕಲ್ಲುಗಳಿಂದ ಅಜ್ಜಿ ಕುಳ್ಳಗಿನ ಕಟ್ಟೆ ಕಟ್ಟುವುದು, ಗಿಡ ಒಣಗುವುದು, ಮಳೆ ಬಂದ ಮೇಲೆ ಕಲ್ಲಿನ ಸಂದಿಯಲ್ಲಿ ತುಳಸಿ ಮೊಳೆಯುವುದು, ಎಲ್ಲವನ್ನೂ ಸೇರಿಸಿದೆ.

ಚಿತ್ರದ ಲಿಂಕಿಗೆ ಮೊದಲು ಯೂಟ್ಯೂಬ್‌ನಲ್ಲಿ ಲಿಂಕ್ ಇದ್ದವರು ಮಾತ್ರ ನೋಡುವ ಅನ್‌ಲಿಸ್ಟೆಡ್ ವಿಡಿಯೊ ಸಾಕು ಅಂದುಕೊಂಡೆ, ಖರ್ಚಿಲ್ಲ. ಕಳಿಸಿದ ಮೇಲೆ ಸಬ್‌ಟೈಟಲ್‌ನಲ್ಲಿ ನನ್ನದೇ ಕಾಗುಣಿತದ ತಪ್ಪು ಕಂಡಿತು. ಚಿತ್ರದ ಮೇಲೇ ಅಚ್ಚೊತ್ತಿದ್ದ ಸಾಲು ಅದು. ತಿದ್ದಿದ ಫೈಲ್ ಹಾಕಿದರೆ ಲಿಂಕೇ ಹೊಸದಾಗುತ್ತದೆ, ಎಲ್ಲರಿಗೂ ಮತ್ತೆ ಬರೆಯಬೇಕು. ವಿಮಿಯೊದಲ್ಲಿ ಹಳೆಯ ಲಿಂಕನ್ನೇ ಉಳಿಸಿಕೊಂಡು ಫೈಲ್ ಬದಲಾಯಿಸಬಹುದು, ಪಾಸ್‌ವರ್ಡೂ ಹಾಕಬಹುದು. ಚಂದಾ ಕಟ್ಟಿದ್ದಕ್ಕೆ ಬೇಜಾರಿಲ್ಲ. ಆದರೆ ಪಾಸ್‌ವರ್ಡನ್ನು ಉತ್ಸವದ ಫಲಿತಾಂಶ ಬರುವವರೆಗೆ ಬದಲಿಸಬೇಡಿ.

ಸಬ್‌ಟೈಟಲನ್ನು ಅಚ್ಚೊತ್ತುವುದೋ, ಬೇರೆ `.srt` ಫೈಲ್ ಆಗಿ ಇಡುವುದೋ? ಲಿಂಕಿನಲ್ಲಿ ಅಚ್ಚೊತ್ತಿದ್ದೇ ವಾಸಿ. ಬೇರೆ ಇಟ್ಟರೆ ನೋಡುವವರು ಗುಂಡಿ ಒತ್ತಲು ಮರೆತು ಮಾತು ಅರ್ಥವಾಗದೆ ಕೂರುತ್ತಾರೆ. ಪರದೆಗೆ ಹೋಗುವ ಪ್ರತಿ ಮಾತ್ರ ಅಕ್ಷರವಿಲ್ಲದೆ ಇರಲಿ, ಬೇರೆ ದೇಶದವರು ತಮ್ಮ ಭಾಷೆ ಹಾಕಿಕೊಳ್ಳುತ್ತಾರೆ.

ಸ್ಟಿಲ್‌ಗಳು? ಪ್ಲೇಯರ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿದ್ದೆ, ಅಚ್ಚಿನಲ್ಲಿ ಮಸುಕಾಗಿ ಬಂತು. ಪ್ರಾಜೆಕ್ಟ್ ಫೈಲಿನಿಂದಲೇ ಪೂರ್ತಿ ಗಾತ್ರದಲ್ಲಿ ಮೂರು ಫ್ರೇಮ್ ಮತ್ತೆ ರೆಂಡರ್ ಮಾಡಿದೆ. ಮೊಳಕೆಯ ಫ್ರೇಮ್ ನನಗೆ ಜಾಸ್ತಿ ಇಷ್ಟ. ಅದನ್ನು ನೆರವಿನ ಅರ್ಜಿಗೆ ಮಾತ್ರ ಹಾಕಿದೆ.