ಚಿಕಾಗೋ ಸಾಹೇಬರ ಅರ್ಧ ಗಂಟೆಗಾಗಿ ಮೂರು ದಾರಿ ಹಿಡಿದು ನೋಡಿದೆ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಸಣ್ಣ ಎರಕದ ಕಾರ್ಖಾನೆ. ಹೊರದೇಶದ ಗಿರಾಕಿಗಳ ಜೊತೆ ಮೇಲ್ ಬರೆಯುವ ಕೆಲಸ ನನ್ನದು. ಚಿಕಾಗೋದಲ್ಲಿ ಒಬ್ಬ ಖರೀದಿ ಮುಖ್ಯಸ್ಥರಿದ್ದಾರೆ. ಅವರ ಅರ್ಧ ಗಂಟೆ ಸಿಕ್ಕರೆ ಸಾಕು, ಮೂರು ತಿಂಗಳ ಆರ್ಡರ್ ಮಾತು ಮುಗಿಯುತ್ತದೆ. ಆ ಅರ್ಧ ಗಂಟೆ ಸಿಗುವುದೇ ಕಷ್ಟ.

ಮೊದಲು ವಿನಯದ ದಾರಿ ಹಿಡಿದೆ. "ನಿಮಗೆ ಯಾವಾಗ ಅನುಕೂಲ ಆಗುತ್ತದೆ ತಿಳಿಸಿ" ಎಂದು ಬರೆದೆ. ಕೇಳಲು ಚೆನ್ನಾಗಿದೆ, ಆದರೆ ಕೆಲಸವನ್ನೆಲ್ಲ ಅವರ ತಲೆಗೇ ಕಟ್ಟಿದ ಹಾಗಾಯಿತು. ತಮ್ಮ ಕ್ಯಾಲೆಂಡರ್ ತೆಗೆದು, ಹುಬ್ಬಳ್ಳಿಯಲ್ಲಿ ಆಗ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ, ಅವರೇ ಬರೆಯಬೇಕು. ಎರಡು ದಿನ ಬಿಟ್ಟು "ಮುಂದಿನ ವಾರ ನೋಡೋಣ" ಎಂದು ಉತ್ತರ ಬಂತು. ಮುಂದಿನ ವಾರವೂ ಅದೇ ಉತ್ತರ.

ಆಮೇಲೆ, ನನ್ನ ಬಿಡುವು ನೋಡಿ ಅವರೇ ಸಮಯ ಆರಿಸಿಕೊಳ್ಳುವ ಬುಕಿಂಗ್ ಲಿಂಕ್ ಕಳಿಸಿದೆ. ಲಿಂಕಿನ ಒಳ್ಳೆಯ ಗುಣ ಏನೆಂದರೆ, ತೆರೆದವರ ಕಂಪ್ಯೂಟರಿನ ಸಮಯಕ್ಕೆ ತಾನೇ ಬದಲಾಗಿ ಕಾಣುತ್ತದೆ, ಲೆಕ್ಕ ತಪ್ಪುವುದಿಲ್ಲ. ತಪ್ಪಿದ್ದು ನಾನು. ಬಿಡುವಿನ ಸಮಯವನ್ನು ಮೊದಲಿದ್ದ ಹಾಗೇ ಬೆಳಿಗ್ಗೆ 9ರಿಂದ ಸಂಜೆ 5 ಎಂದು ಬಿಟ್ಟಿದ್ದೆ. ಆಗ ಬೇಸಿಗೆ, ಚಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವರಿಗೆ ಕಂಡದ್ದು ರಾತ್ರಿ 10:30ರಿಂದ ಬೆಳಗಿನ 6:30! ಅವರ ಪಿಎ ಮೇಡಂ "ಇದರಲ್ಲಿ ಹಗಲು ಹೊತ್ತೇ ಇಲ್ಲವಲ್ಲ" ಎಂದು ಬರೆದರು. ಸಂಜೆ 6ರಿಂದ 9:30 ಎಂದು ತಿದ್ದಿದೆ. ಈಗ ಅವರ ಎಂಜಿನಿಯರುಗಳ ಜೊತೆ ಅದೇ ಲಿಂಕ್ ಚೆನ್ನಾಗಿ ನಡೆಯುತ್ತಿದೆ. ಸಾಹೇಬರು ಮಾತ್ರ ಒಮ್ಮೆಯೂ ಅದನ್ನು ಒತ್ತಿಲ್ಲ. ಅವರು ಮೇಲನ್ನು ಫೋನಿನಲ್ಲಿ, ನಡೆಯುತ್ತಾ ನೋಡುವವರು.

ಅವರಿಂದ ಉತ್ತರ ಬರುವುದು ಮೂರನೆಯ ದಾರಿಗೆ: ಮೇಲಿನಲ್ಲೇ ಮೂರು ಸಮಯ ಬರೆದು, ಒಂದು ಆರಿಸಿ ಎನ್ನುವುದು. ಅದರಲ್ಲೂ ಒಮ್ಮೆ ಮಾನ ಕಳೆದುಕೊಂಡಿದ್ದೇನೆ. 2025ರ ಮಾರ್ಚ್ ಮೊದಲ ವಾರ, 11ನೇ ತಾರೀಖಿಗೆಂದು "ಚಿಕಾಗೋ ಬೆಳಿಗ್ಗೆ 8, ಇಲ್ಲಿ ಸಂಜೆ 7:30" ಎಂದು ಬರೆದೆ. ಬರೆದ ದಿನಕ್ಕೆ ಲೆಕ್ಕ ಸರಿ, ಚಳಿಗಾಲದಲ್ಲಿ ಅಂತರ ಹನ್ನೊಂದೂವರೆ ಗಂಟೆ. ಆದರೆ ಮಾರ್ಚ್ 9ರ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಟ್ಟರು. 11ರಂದು ಅವರ 8 ಗಂಟೆ ಅಂದರೆ ನಮ್ಮ 6:30. ನಾನು ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿದ್ದೆ. ಆಫೀಸಿನಿಂದ ಫೋನು: "ಎಲ್ಲಿದ್ದೀರ್ರೀ? ಅವರು ಆಗ್ಲೇ ಬಂದು ಕಾಯಾಕತ್ತಾರ!"

ಆವತ್ತಿನಿಂದ ಅಂತರವನ್ನು ಮೇಲ್ ಬರೆಯುವ ದಿನಕ್ಕಲ್ಲ, ಮೀಟಿಂಗ್ ನಡೆಯುವ ದಿನಕ್ಕೆ ನೋಡುತ್ತೇನೆ. 'ಸಿಎಸ್‌ಟಿ' ಎಂದು ಬರೆಯುವುದನ್ನೂ ಬಿಟ್ಟೆ. ಅದು ಚಿಕಾಗೋ ಸಮಯಕ್ಕೆ ಚಳಿಗಾಲದ ಹೆಸರು, ಬೇಸಿಗೆಯಲ್ಲಿ 'ಸಿಡಿಟಿ' ಆಗುತ್ತದೆ. ಜನ ವರ್ಷವಿಡೀ ಮೊದಲನೆಯದನ್ನೇ ಹೇಳುತ್ತಾರೆ. ಊರ ಹೆಸರು ಬರೆದರೆ ಈ ಗೊಂದಲವೇ ಇಲ್ಲ.

ಏಪ್ರಿಲಿನಲ್ಲಿ ಕಳಿಸಿದ್ದು ಹೀಗಿತ್ತು:

1. ಮಂಗಳವಾರ, ಏಪ್ರಿಲ್ 8: ಚಿಕಾಗೋ ಬೆಳಿಗ್ಗೆ 7:30 (ಹುಬ್ಬಳ್ಳಿ ಸಂಜೆ 6:00)
2. ಬುಧವಾರ, ಏಪ್ರಿಲ್ 9: ಚಿಕಾಗೋ ಬೆಳಿಗ್ಗೆ 11:00 (ಹುಬ್ಬಳ್ಳಿ ರಾತ್ರಿ 9:30)
3. ಗುರುವಾರ, ಏಪ್ರಿಲ್ 10: ಚಿಕಾಗೋ ಬೆಳಿಗ್ಗೆ 9:00 (ಹುಬ್ಬಳ್ಳಿ ಸಂಜೆ 7:30)

ಕೆಳಗೆ ಒಂದೇ ಸಾಲು: "30 ನಿಮಿಷ, ವಿಷಯ ಜೂನ್ ಆರ್ಡರಿನ ದರ. ಬರೀ ನಂಬರ್ ಬರೆದರೂ ಸಾಕು. ಶುಕ್ರವಾರದವರೆಗೆ ಮೂರನ್ನೂ ಕಾಯ್ದಿಡುತ್ತೇನೆ."

ಅವರ ಸಮಯ ಮೊದಲು ಬರುತ್ತದೆ, ನಮ್ಮದು ಕಂಸದಲ್ಲಿ. ಮೂರೂ ಹೊತ್ತು ಬೇರೆ ಬೇರೆ ಇರುವುದನ್ನು ಗಮನಿಸಿ. ಹಿಂದೊಮ್ಮೆ ಮೂರು ದಿನವೂ ಬೆಳಿಗ್ಗೆ 8 ಎಂದೇ ಕೊಟ್ಟಿದ್ದೆ. ಅವರಿಗೆ ದಿನಾ 8ಕ್ಕೆ ಪ್ಲಾಂಟಿನವರ ಮೀಟಿಂಗ್ ಇರುತ್ತದಂತೆ. ಮೂರು ಕೊಟ್ಟಂತೆ ಕಂಡರೂ ಕೊಟ್ಟದ್ದು ಒಂದೇ, ಅಲ್ವಾ? ರಾತ್ರಿ 9:30 ನನಗೇನೂ ಖುಷಿಯ ಹೊತ್ತಲ್ಲ, ಮನೆಯಲ್ಲಿ ಊಟದ ಸಮಯ. ಆದರೂ ಒಂದನ್ನಾದರೂ ನಾವು ತೊಂದರೆ ತೆಗೆದುಕೊಂಡು ಕೊಡಬೇಕಾಗುತ್ತದೆ. ಕಾಯ್ದಿಡುತ್ತೇನೆ ಎಂದ ಮೇಲೆ ನನ್ನ ಕ್ಯಾಲೆಂಡರಿನಲ್ಲಿ ಮೂರನ್ನೂ ನಿಜವಾಗಿ ಹಿಡಿದಿಡುತ್ತೇನೆ. ಇಲ್ಲದಿದ್ದರೆ ನಮ್ಮ ಮಾಲೀಕರು ಅದೇ ಹೊತ್ತಿಗೆ ಬೇರೆಯವರನ್ನು ಕರೆದಿರುತ್ತಾರೆ.

ಉತ್ತರ ಅದೇ ದಿನ ಬಂತು. ಬರೀ "3" ಎಂದಿತ್ತು. ಕೂಡಲೇ ಕ್ಯಾಲೆಂಡರ್ ಆಹ್ವಾನ ಕಳಿಸಿ, ಉಳಿದ ಎರಡನ್ನು ಅಳಿಸಿದೆ. ಆಹ್ವಾನ ಎರಡೂ ಕಡೆ ಅವರವರ ಸಮಯದಲ್ಲಿ ಕಾಣುತ್ತದೆ. ನನ್ನ ಲೆಕ್ಕ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಜರ್ಮನಿಯವರೊಬ್ಬರು ಸೇರಿಕೊಂಡರೆ ಮಾತ್ರ ಈ ಪಟ್ಟಿ ಕೈಕೊಡುತ್ತದೆ. ಅವರ ಗಡಿಯಾರ ಬದಲಾಗುವುದು ಮಾರ್ಚ್ ಕೊನೆಯ ಭಾನುವಾರ. ಪ್ರತಿ ಸಾಲಿನಲ್ಲೂ ಮೂರು ಊರಿನ ಸಮಯ ಬರೆದರೆ ಫೋನಿನಲ್ಲಿ ಓದಲು ಆಗುವುದಿಲ್ಲ. ಆಗ ಜರ್ಮನಿಯವರನ್ನು ಮೊದಲು ಕೇಳಿಕೊಂಡು, ಅವರು ಒಪ್ಪಿದ ಸಮಯಗಳನ್ನಷ್ಟೇ ಚಿಕಾಗೋಗೆ ಕಳಿಸುತ್ತೇನೆ.