ಕಲ್ಲಿನ ಆಳ ನೋಡಲು ಕರೆಂಟಾ, ಸುತ್ತಿಗೆಯಾ?

ನನ್ನ ಓಟು ಸುತ್ತಿಗೆಗೆ, ಅಂದರೆ ನೆಲಕ್ಕೆ ಹೊಡೆದ ಪೆಟ್ಟಿನ ಅಲೆ ಎಷ್ಟು ಹೊತ್ತಿಗೆ ತಲುಪುತ್ತದೆ ಅಂತ ನೋಡಿ ಆಳ ಲೆಕ್ಕ ಹಾಕುವ ಸೈಸ್ಮಿಕ್ ರಿಫ್ರಾಕ್ಷನ್‌ಗೆ. ವಿಜಯಪುರದ ಹತ್ತಿರ ಎರೆ ಹೊಲದಲ್ಲಿ ಒಣದ್ರಾಕ್ಷಿ ಗೋದಾಮು ಕಟ್ಟುವಾಗ ಮೊದಲು ರೆಸಿಸ್ಟಿವಿಟಿ ಸರ್ವೆ, ಅಂದರೆ ನೆಲಕ್ಕೆ ಕರೆಂಟ್ ಹರಿಸಿ ಮಣ್ಣು-ಕಲ್ಲು ಅದನ್ನು ಎಷ್ಟು ತಡೆಯುತ್ತವೆ ಅಂತ ಅಳೆಯುವ ಸರ್ವೆ, ಮಾಡಿಸಿದ್ದೆ. ಗಟ್ಟಿ ಕಲ್ಲು 11.5 ಮೀಟರ್ ಆಳದಲ್ಲಿದೆ ಅಂದರು. ಅದನ್ನೇ ನಂಬಿ, ಕಲ್ಲಿನವರೆಗೆ ಇಳಿಸುವ ಅಡಿಪಾಯದ ಕಂಬ, ಅಂದರೆ ಪೈಲ್‌ಗೆ ಕಬ್ಬಿಣದ ಕೇಜ್ ಕಟ್ಟಿಸಿಟ್ಟೆ. ಪೈಲ್ ಕೊರೆಯುವ ಮಷಿನ್ ಇಳಿಸಿದರೆ 7.5 ಮೀಟರಿಗೇ ಕಪ್ಪು ಕಲ್ಲು ಬಂತು. ಕಟ್ಟಿದ ಕೇಜನ್ನೆಲ್ಲ ಕತ್ತರಿಸಬೇಕಾಯಿತು.

ತಪ್ಪು ಎಲ್ಲಿ ಆಯಿತು ಅಂತ ಕೂತು ನೋಡಿದೆ. ಮೇಲೆ 1.5 ಮೀಟರ್ ಬಿರುಕು ಬಿಟ್ಟ ಒಣ ಎರೆ. ಕೆಳಗೆ ಜಿಗುಟಾದ ಹಸಿ ಮುರುಮು, ಅದರಡಿ ಕಲ್ಲು. ಹಸಿ ಮುರುಮಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕಲ್ಲಿನಲ್ಲಿ ಹರಿಯುವುದಿಲ್ಲ. ಹೀಗಿದ್ದಾಗ ಸರ್ವೆಯ ಗ್ರಾಫ್ ಆ ಪದರದ ದಪ್ಪವನ್ನು ನೇರವಾಗಿ ಹೇಳುವುದಿಲ್ಲ. ದಪ್ಪವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿದರೆ ಬರುವ ಲೆಕ್ಕವನ್ನಷ್ಟೇ ಹೇಳುತ್ತದೆ. 10 ಓಮ್-ಮೀಟರಿನ ಮುರುಮು 10 ಮೀಟರ್ ಇದ್ದರೂ, 6 ಓಮ್-ಮೀಟರಿನದು 6 ಮೀಟರ್ ಇದ್ದರೂ ಗ್ರಾಫ್ ಹೆಚ್ಚುಕಡಿಮೆ ಒಂದೇ. ನಮ್ಮ ಸರ್ವೆಯವರು 10 ಅಂತ ಹಿಡಿದಿದ್ದರು. ಅಲ್ಲಿನ ನೀರು ಸವಳು, ಅದರಲ್ಲಿ ಕರೆಂಟ್ ಇನ್ನೂ ಸಲೀಸು, ನಿಜವಾಗಿ 6ರ ಆಸುಪಾಸು ಇತ್ತು. ಪಕ್ಕದ ಹೊಲದಲ್ಲೇ ತೆರೆದ ಬಾವಿ ಇತ್ತು. ಅದರ ಗೋಡೆಯಲ್ಲಿ ಮುರುಮಿನ ದಪ್ಪ ಅಳೆದು, ದಡದಲ್ಲೊಂದು ಸರ್ವೆ ಮಾಡಿ ಹೋಲಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಈಗಲೂ ಅದೇ ಬೇಜಾರು.

ಆಮೇಲೆ ಅದೇ ಸಾಲಿನಲ್ಲಿ ರಿಫ್ರಾಕ್ಷನ್ ಮಾಡಿಸಿದೆ. 3 ಮೀಟರಿಗೊಂದರಂತೆ ನೆಲದ ಕಂಪನ ಹಿಡಿಯುವ 24 ಜಿಯೋಫೋನ್ ಚುಚ್ಚಿ, ಕಬ್ಬಿಣದ ತಟ್ಟೆಯ ಮೇಲೆ ಸುತ್ತಿಗೆ ಹೊಡೆದರು. ಮಣ್ಣು-ಮುರುಮಿನಲ್ಲಿ ಅಲೆಯ ವೇಗ ಸೆಕೆಂಡಿಗೆ 600 ಮೀಟರ್, ಕಲ್ಲಿನಲ್ಲಿ 3000. ಸುಮಾರು 18 ಮೀಟರ್ ದೂರದಿಂದಾಚೆ ಕಲ್ಲಿನ ಮೂಲಕ ಬಂದ ಅಲೆಯೇ ಮೊದಲು ತಲುಪುತ್ತಿತ್ತು. ಆ ದೂರ ಮತ್ತು ಎರಡು ವೇಗ ಸೇರಿಸಿ ಲೆಕ್ಕ ಹಾಕಿದಾಗ ಬಂದ ಆಳ 7.3 ಮೀಟರ್. ಪೈಲ್ ಮಷಿನ್ ತೋರಿಸಿದ್ದಕ್ಕೂ ಇದಕ್ಕೂ ಒಂದು ಗೇಣಿನಷ್ಟು ವ್ಯತ್ಯಾಸ, ಅಷ್ಟೇ.

ಗಾಳಿ ಬೀಸಿದರೆ, ಟ್ರ್ಯಾಕ್ಟರ್ ಓಡಿದರೆ ಗ್ರಾಫ್ ಕೆಡುತ್ತದೆ. ನಾವು ಬೆಳಗಿನ ಜಾವಕ್ಕೇ ಶುರು ಮಾಡಿದೆವು. ಬಿರುಕಿನ ಎರೆಯಲ್ಲಿ ಜಿಯೋಫೋನ್ ಅಲುಗಾಡುತ್ತದೆ, ಮೇಲಿನ ಸಡಿಲ ಮಣ್ಣು ಕೆರೆದು ಚುಚ್ಚಬೇಕು.

ಇದಕ್ಕೂ ಒಂದು ಮಿತಿ ಇದೆ. ನಮ್ಮ ಕಡೆ ಲಾವಾ ಪದರದ ಮೇಲೆ ಪದರ, ನಡುವೆ ಎಷ್ಟೋ ಕಡೆ ಮೆತ್ತನೆಯ ಕೆಂಪು ಮಣ್ಣು. ಗಟ್ಟಿ ಕಲ್ಲಿನಡಿಯ ಮೆತ್ತನೆ ಪದರ ರಿಫ್ರಾಕ್ಷನ್‌ಗೆ ಕಾಣುವುದೇ ಇಲ್ಲ, ಏಕೆಂದರೆ ಈ ವಿಧಾನಕ್ಕೆ ಪದರ ಕಾಣಬೇಕಾದರೆ ಕೆಳಗೆ ಹೋದಂತೆ ಅಲೆಯ ವೇಗ ಜಾಸ್ತಿ ಆಗಬೇಕು. ಬೋರ್‌ವೆಲ್‌ಗೆ ನೀರು ಹುಡುಕುವಾಗ ನಾನೂ ರೆಸಿಸ್ಟಿವಿಟಿಯನ್ನೇ ಕರೆಸುತ್ತೇನೆ. ಅದು ಅಗ್ಗ, ಆಳಕ್ಕೂ ಹೋಗುತ್ತದೆ.

ಆದರೆ ನನ್ನ ಕೆಲಸ ಜಾಸ್ತಿ ಗೋದಾಮು, ಶೆಡ್ಡುಗಳದ್ದು, ಕಲ್ಲು 10 ಮೀಟರಿನೊಳಗೇ ಸಿಗುತ್ತದೆ. ಸರ್ವೆಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಕಬ್ಬಿಣದಲ್ಲಿ ಉಳಿಯುತ್ತದೆ. ಈಗ ರಿಫ್ರಾಕ್ಷನ್ ಮಾಡಿಸಿ, ಕಲ್ಲು ಎಲ್ಲಕ್ಕಿಂತ ಆಳ ತೋರಿಸಿದ ಜಾಗದಲ್ಲಿ ಒಂದು ಬೋರ್ ಕೊರೆಸಿ, ಆಮೇಲೆಯೇ ಕೇಜ್ ಕಟ್ಟಿಸುತ್ತೇನೆ.