ಮಾರ್ಕೆಟ್ ಗದ್ದಲದಲ್ಲಿ ಕನ್ನಡ ವಾಯ್ಸ್ ಟೈಪಿಂಗ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಮಸಾಲೆ ಅಂಗಡಿ. ತಮ್ಮ ಬ್ಯಾಡಗಿ ಮಾರ್ಕೆಟ್‌ಗೆ ಹೋಗಿ ಮೆಣಸಿನಕಾಯಿ ಖರೀದಿಸುತ್ತಾನೆ. ಅಲ್ಲಿಂದ ಫೋನ್ ಕೀಬೋರ್ಡಿನ ಮೈಕ್ ಒತ್ತಿ, ಮಾತಾಡಿ ಮೆಸೇಜ್ ಕಳಿಸುತ್ತಾನೆ. ಮನೆಯಲ್ಲಿ ಕೂತು ಮಾತಾಡಿದರೆ ಇದು ಚೆನ್ನಾಗಿಯೇ ಬರೆಯುತ್ತದೆ. ಮಾರ್ಕೆಟ್‌ನಿಂದ ಬರುವುದು ಹೀಗೆ:

“ಅಣ್ಣ ಹಬ್ಬ ಸಿಗಲಿಲ್ಲ ಗಡ್ಡ ಹತ್ತಿ ಶೀಲಾ ತಗೊಂಡಿನಿ ಎರಡು ಚಹಾ ಕೊಡ್ರಿ ನಾರಿ ಸಂಜೆಗೆ ಬಿಡ್ತದೆ”

ಮೊದಮೊದಲು ತಲೆಬುಡ ತಿಳಿಯುತ್ತಿರಲಿಲ್ಲ. ಈಗ ಇಂಥದ್ದನ್ನು ಬಾಯಿಬಿಟ್ಟು ಓದುತ್ತೇನೆ. ಈ ಸಾಫ್ಟ್‌ವೇರ್ ತನಗೆ ಕೇಳಿಸಿದ್ದನ್ನು ಗೊತ್ತಿರುವ ಯಾವುದೋ ಪದಕ್ಕೆ ಹೊಂದಿಸಿಬಿಡುತ್ತದೆ. ಹಾಗಾಗಿ ಕಾಗುಣಿತ ಸರಿ ಇರುತ್ತದೆ, ಪದವೇ ಬೇರೆಯಾಗಿರುತ್ತದೆ. ಗದ್ದಲದಲ್ಲಿ ಮೊದಲು ಮುಚ್ಚಿಹೋಗುವುದು ವ್ಯಂಜನಗಳು. ಸ್ವರಗಳಿಗೆ ಬಲ ಜಾಸ್ತಿ, ಅವು ಬಹುಮಟ್ಟಿಗೆ ಉಳಿಯುತ್ತವೆ. ‘ನಾರಿ’ ಅಂತ ಜೋರಾಗಿ ಹೇಳಿ ನೋಡಿ, ಲಾರಿ ಸಿಗುತ್ತದೆ. ‘ಶೀಲಾ’ ಚೀಲ ಆಗುತ್ತದೆ, ಅದರ ಹಿಂದಿನ ‘ಹತ್ತಿ’ ಹತ್ತು ಆಗುತ್ತದೆ. ‘ಹಬ್ಬ’, ‘ಗಡ್ಡ’ ಬಿಡಿಸಲು ಕಿವಿಯೊಂದೇ ಸಾಲದು, ವ್ಯಾಪಾರ ಗೊತ್ತಿರಬೇಕು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಸಿಗಲಿಲ್ಲ, ಕಡ್ಡಿ ಹತ್ತು ಚೀಲ ತಗೊಂಡಿದ್ದಾನೆ, ಅಷ್ಟೇ.

ಇನ್ನು ಚಹಾ. ಲಾರಿ ಇಂಜಿನ್ನಿನಂತೆ ಒಂದೇ ಸಮನೆ ಬರುವ ಸದ್ದನ್ನು ಫೋನ್ ಸುಮಾರಾಗಿ ತೆಗೆದುಹಾಕುತ್ತದೆ. ಪಕ್ಕದವರ ಮಾತು ಹಾಗಲ್ಲ. ಅದೂ ಮಾತೇ ಅಲ್ವಾ, ನೇರವಾಗಿ ಮೆಸೇಜಿನೊಳಗೆ ಸೇರಿಕೊಳ್ಳುತ್ತದೆ. ಮಧ್ಯದಲ್ಲಿ ಶುದ್ಧವಾಗಿದ್ದೂ ಸಂಬಂಧವೇ ಇಲ್ಲದ ತುಂಡು ಕಂಡರೆ ಅದನ್ನು ಬಿಟ್ಟು, ಹಿಂದಿನದನ್ನೂ ಮುಂದಿನದನ್ನೂ ಜೋಡಿಸಿ ಓದಿ.

ಇಷ್ಟೆಲ್ಲ ಅಸಂಬದ್ಧವಾಗಿದ್ದರೆ ನನಗೆ ಭಯವಿಲ್ಲ, ತಪ್ಪು ಕಣ್ಣಿಗೇ ಹೊಡೆಯುತ್ತದೆ. ನಿಜವಾಗಿ ಹೆದರಬೇಕಾದ್ದು ಸರಿಯಾಗಿ ಓದಿಸಿಕೊಂಡು ಹೋಗುವ ಮೆಸೇಜಿಗೆ. ‘ಇಪ್ಪತ್ತು’, ‘ಎಪ್ಪತ್ತು’ ಎರಡರ ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ, ಎರಡೂ ವಾಕ್ಯಕ್ಕೆ ಹೊಂದುತ್ತವೆ. ಇನ್ನೊಂದು ತೊಂದರೆ ವಾಕ್ಯದ ಕೊನೆಯದು. ಕನ್ನಡದಲ್ಲಿ ‘ಇಲ್ಲ’, ‘ಬೇಡ’ ಬರುವುದೇ ಕೊನೆಗೆ. ಮಾತಾಡುವವನು ಒಂದು ಕ್ಷಣ ತಡೆದರೆ ಮೈಕ್ ನಿಂತುಬಿಡುತ್ತದೆ, ಆ ಪದವೇ ಹೋಗುತ್ತದೆ. ‘ಐದು ಚೀಲ ಜಾಸ್ತಿ’ ಅಂತ ಬಂದರೆ ಅದು ಜಾಸ್ತಿ ಬೇಕೋ ಬೇಡವೋ? ಕ್ರಿಯಾಪದ ಇಲ್ಲದೆ ಮುಗಿದ ಮೆಸೇಜನ್ನು ನಾನು ಅರ್ಧ ಅಂತಲೇ ಲೆಕ್ಕ ಹಾಕುತ್ತೇನೆ. ಊಹೆಯಿಂದ ತುಂಬಲು ಹೋಗುವುದಿಲ್ಲ.

ಮಾತಾಡುವವರು ಕೂಗಿದರೆ ಉಪಯೋಗವಿಲ್ಲ, ದನಿ ಒಡೆದು ಇನ್ನೂ ಕೆಡುತ್ತದೆ. ಫೋನಿನ ಕೆಳಗಿನ ಮೈಕನ್ನು ಬಾಯಿಗೆ ನಾಲ್ಕು ಬೆರಳಷ್ಟು ಹತ್ತಿರ ಹಿಡಿದು ಮಾಮೂಲಿ ದನಿಯಲ್ಲಿ ಹೇಳಿದರೆ ಎಷ್ಟೋ ವಾಸಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಸುದ್ದಿ ತಿಳಿಯಲು ಸಾಕು, ಲೆಕ್ಕಕ್ಕೆ ಸಾಲದು. ದರ, ಚೀಲದ ಸಂಖ್ಯೆಗೆ ತಮ್ಮ ಈಗ ಇಪ್ಪತ್ತಕ್ಕೆ ‘ಎರಡು, ಸೊನ್ನೆ’, ಎಪ್ಪತ್ತಕ್ಕೆ ‘ಏಳು, ಸೊನ್ನೆ’ ಅಂತ ಬಿಡಿಬಿಡಿಯಾಗಿ ಹೇಳುತ್ತಾನೆ. ದುಡ್ಡು ಕಳಿಸುವ ಮೊದಲು ನಾನು ಫೋನ್ ಮಾಡಿ ಕೇಳುತ್ತೇನೆ.